ಮಲ್ಲನ ಲೋಟದ ಜಿಡ್ಡು

ಬಾಳೆಲೆ ಊರಿನಿಂದ ಒಳಗೆ ಹೋಗುವ ಮಣ್ಣಿನ ದಾರಿಯಲ್ಲಿ, ಕಾಫಿ ತೋಟದ ಗೇಟು ದಾಟಿದ ಮೇಲೆ, ಆಳುಗಳ ಲೈನ್ ಮನೆಗಳ ಸಾಲಿಗೆ ಮುಂಚೆ ಒಂದು ಹಳದಿ ಗೋಡೆಯ ಕಟ್ಟಡ ಸಿಗುತ್ತದೆ. ಒಂದೇ ಕೋಣೆ, ಪಕ್ಕಕ್ಕೆ ತಗಡು ಇಳಿಸಿದ ಅಡುಗೆ ಜಾಗ, ಮುಂದೆ ಕೈಯಗಲದ ಅಂಗಳ. ಪೊನ್ನಮ್ಮ ಅಲ್ಲಿ ಅಂಗನವಾಡಿ ಟೀಚರ್. ಮದುವೆಯಾಗಿ ಬಾಳೆಲೆಗೆ ಬಂದ ನಾಲ್ಕನೇ ವರ್ಷ ಈ ಕೆಲಸಕ್ಕೆ ಸೇರಿದವಳು. ಆಗ ಅವಳ ಮುಂದೆ ಕೂತು ಅ ಆ ಕಲಿತ ಮಕ್ಕಳು ಈಗ ತಮ್ಮ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ತಂದು ಬಿಡುತ್ತಾರೆ.

ತವರಿನಲ್ಲಿ ಪಿಯುಸಿ ಮುಗಿಸಿದ ಮೊದಲ ಹೆಣ್ಣು ಅವಳೇ. ಆ ಓದಿನ ಮೇಲೆ ಅವಳಿಗೆ ಒಂದು ಬಗೆಯ ಭಯಭಕ್ತಿ ಇತ್ತು. ಅಚ್ಚಾದದ್ದು ಏನು ಸಿಕ್ಕರೂ ಓದುವಳು. ಔಷಧಿಯ ಡಬ್ಬ, ಗೊಬ್ಬರದ ಚೀಲ, ಬಿಸ್ಕತ್ತಿನ ಪೊಟ್ಟಣ, ಯಾವುದೂ ಬಿಡುತ್ತಿರಲಿಲ್ಲ. ಗಂಡ ಕುಟ್ಟಪ್ಪ ಇದೇ ತೋಟದಲ್ಲಿ ರೈಟರ್ ಆಗಿದ್ದವನು. ಆಳುಗಳ ಲೆಕ್ಕ ಬರೆದು ಬರೆದು, ಇಳಿಜಾರು ಹತ್ತಿ ಇಳಿದು, ಮಂಡಿ ಸವೆಸಿಕೊಂಡು ಮನೆಯಲ್ಲಿ ಕೂತಿದ್ದ. ಹೆಂಡತಿ ಉಪ್ಪಿನ ಪ್ಯಾಕೆಟ್ಟು ಓದುವುದನ್ನು ನೋಡಿದಾಗಲೆಲ್ಲ ಅವನಿಗೆ ನಗು.

"ಅದರಲ್ಲಿ ಉಪ್ಪು ಅಂತಲೇ ಬರೆದಿರೋದು ಪೊನ್ನಮ್ಮ. ಇನ್ನೇನು ಬರೀತಾರೆ?"

"ಅಯೋಡಿನ್ ಎಷ್ಟು ಅಂತ ನೋಡ್ತಿದ್ದೆ."

"ನೋಡು, ನೋಡು. ಸಾರಿಗೆ ಸ್ವಲ್ಪ ಜಾಸ್ತಿಯೇ ಆಗಿದೆ ನಿನ್ನ ಅಯೋಡಿನ್."

ಲೈನಿನಲ್ಲಿದ್ದ ಎರವರ ಬುಡಕಟ್ಟಿನ ಚೋಮಿ ತನ್ನ ಮಗ ಮಲ್ಲನನ್ನು ಮೊದಲ ಸಲ ಅಂಗನವಾಡಿಗೆ ಎತ್ತಿಕೊಂಡು ಬಂದಾಗ ಅವನಿಗೆ ಎರಡು ತುಂಬುತ್ತಾ ಬಂದಿತ್ತು. ನೋಡಿದರೆ ಒಂದು ವರ್ಷದ ಕೂಸು. ಕೂದಲು ಕೆಂಚಾಗಿ, ಕುಂಡೆಯ ಚರ್ಮ ದೊಡ್ಡವರ ಚಡ್ಡಿ ತೊಡಿಸಿದ ಹಾಗೆ ಜೋತು ಬಿದ್ದಿತ್ತು. ತೋಳಿಗೆ ಸುತ್ತಿ ಅಳೆಯುವ ಬಣ್ಣದ ಪಟ್ಟಿ ಒಂದುಂಟು. ಹಸಿರಿಗೆ ನಿಂತರೆ ಮಗು ಚೆನ್ನಾಗಿದೆ ಎಂದು, ಹಳದಿಗೆ ನಿಂತರೆ ಜೋಪಾನ ಎಂದು, ಕೆಂಪಿಗೆ ನಿಂತರೆ ತಡ ಮಾಡಬೇಡಿ ಎಂದು. ಮಲ್ಲನ ತೋಳಿಗೆ ಸುತ್ತಿದ ಪಟ್ಟಿ ಕೆಂಪಿನಲ್ಲಿ ನಿಂತಿತು. ತೂಕ ಏಳು ಕಿಲೋ.

ಪೊನ್ನಮ್ಮ ಚೋಮಿಯನ್ನು ಗದರಿಸಿ, ಓಲೈಸಿ, ಕೊನೆಗೆ ತಾನೇ ಜೊತೆಗೆ ಬಸ್ಸು ಹತ್ತಿ ಪೇಟೆಯ ಆಸ್ಪತ್ರೆಗೆ ಸೇರಿಸಿದಳು. ಬಡಕಲು ಮಕ್ಕಳನ್ನು ಇಟ್ಟುಕೊಂಡು ಚೇತರಿಸಿ ಕಳಿಸುವ ವಾರ್ಡು ಅಲ್ಲಿತ್ತು. ಮಲ್ಲ ಅಲ್ಲಿಂದ ಎಂಟು ಕಿಲೋ ಆಗಿ, ಪಟ್ಟಿಯಲ್ಲಿ ಹಳದಿಗೆ ಬಂದು, ಯಾರಾದರೂ ಮುಟ್ಟಿದರೆ ಕಿರುಚುವಷ್ಟು ಜೀವ ತುಂಬಿಕೊಂಡು ಜನವರಿಯಲ್ಲಿ ಲೈನಿಗೆ ಮರಳಿದ.

ಬಿಡುಗಡೆಯ ದಿನ ಆಸ್ಪತ್ರೆಯಲ್ಲಿ ಆಹಾರದ ಬಗ್ಗೆ ಹೇಳಿಕೊಡುವ ಅಶ್ವಿತಾ ಎಂಬ ಹುಡುಗಿ ಚೋಮಿಯ ಜೊತೆಗೆ ಪೊನ್ನಮ್ಮನನ್ನೂ ಕೂರಿಸಿಕೊಂಡು ಹಾಲು ಮಾಡಿ ತೋರಿಸಿದ್ದಳು. ಕಾಯಿಸಿ ಆರಿಸಿದ ನೀರು. ಅದಕ್ಕೆ ದೊಡ್ಡ ಚಮಚದಲ್ಲಿ ಮಟ್ಟ ಮಾಡಿದ ಎರಡು ಚಮಚ ಹಾಲಿನ ಪುಡಿ, ಸಣ್ಣ ಚಮಚದಲ್ಲಿ ಎರಡಕ್ಕೆ ಸ್ವಲ್ಪ ಕಡಿಮೆ ಸಕ್ಕರೆ, ಅದೇ ಸಣ್ಣ ಚಮಚದಲ್ಲಿ ಒಂದು ಚಮಚ ಅಡುಗೆ ಎಣ್ಣೆ. ಕಲಸಿ ಸಣ್ಣ ಲೋಟದ ಕಂಠದವರೆಗೆ ನೀರು ತುಂಬಿಸುವುದು. ದಿನಕ್ಕೆ ಇಂಥ ನಾಲ್ಕು ಲೋಟ, ಊಟ ಮೊಟ್ಟೆ ಬೇರೆ. ಮಾಡಿದ್ದು ಎರಡು ಗಂಟೆಯೊಳಗೆ ಖಾಲಿಯಾಗಬೇಕು, ಉಳಿದದ್ದು ಚೆಲ್ಲಬೇಕು.

"ಹಾಲಿಗೆ ಎಣ್ಣೆಯಾ?" ಎಂದು ಚೋಮಿ ಬಾಯಿಗೆ ಸೆರಗು ಒತ್ತಿ ನಕ್ಕಿದ್ದಳು. "ಟೀಚರಮ್ಮ, ಇವನೇನು ಕಾಫಿ ಪಲ್ಪರ್ ಮೆಷಿನ್ನಾ, ಎಣ್ಣೆ ಬಿಟ್ರೆ ಓಡೋದಕ್ಕೆ?"

"ಹಾಗೇ ಅಂದ್ಕೋ. ಓಡಿದ್ರೆ ಸಾಕಲ್ಲ."

"ಹಸಿರಿಗೆ ಬರಲಿ ಟೀಚರ್," ಎಂದಿದ್ದಳು ಅಶ್ವಿತಾ. "ಹಸಿರಿಗೆ ಬಂದ್ರೆ ಆಮೇಲೆ ಒಂದು ಜ್ವರ ಬಂದ್ರೂ ತಡ್ಕೊಳ್ತಾನೆ. ಇಲ್ಲದಿದ್ರೆ ಮುಂದಿನ ಮಳೆಗಾಲ ಇವನಿಗೆ ಕಷ್ಟ."

ಅಂದಿನಿಂದ ಪೊನ್ನಮ್ಮನ ತಲೆಯಲ್ಲಿ ಹಸಿರು ಎಂಬುದೊಂದೇ ಕೂತಿತು. ಸಹಾಯಕಿಯ ಜಾಗ ಖಾಲಿ ಬಿದ್ದು ವರ್ಷವಾಗಿತ್ತು. ಹಾಗಾಗಿ ಗುಡಿಸುವುದು, ಬೇಯಿಸುವುದು, ಹಾಡಿಸುವುದು, ಮೂಗು ಒರೆಸುವುದು ಎಲ್ಲ ಅವಳದೇ. ಅದರ ನಡುವೆ ಮಲ್ಲನ ಲೋಟ. ಅಂಗನವಾಡಿಗೆ ಬರುತ್ತಿದ್ದದ್ದು ಕೆನೆಭರಿತ ಹಾಲಿನ ಪುಡಿ. ಮುಟ್ಟಿದರೆ ಸ್ವಲ್ಪ ಅಂಟು, ಬಣ್ಣ ತುಸು ಹಳದಿ. ಎಣ್ಣೆ ಸರಬರಾಜಿನಲ್ಲಿ ಇರಲಿಲ್ಲ. ಅದನ್ನು ಅವಳು ಮನೆಯಿಂದ ಸಣ್ಣ ಬಾಟಲಿಯಲ್ಲಿ ತರುತ್ತಿದ್ದಳು. ಹಗಲಿನ ಎರಡು ಲೋಟ ತಾನೇ ಕುಡಿಸುವಳು. ಸಂಜೆ ಚೋಮಿ ಕಾಫಿ ಪಿಕಿಂಗ್ ಮುಗಿಸಿ ಬಂದಾಗ ಉಳಿದ ಎರಡಕ್ಕೆ ಬೇಕಾದ ಪುಡಿ ಸಕ್ಕರೆ ಎಣ್ಣೆ ಅಳೆದು ಕೊಡುವಳು. ಮಲ್ಲ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಲೋಟದ ಅಂಚಿನ ಮೇಲಿಂದ ಎಲ್ಲರನ್ನೂ ಕಾಯುತ್ತಾ, ಗಟಗಟ ಕುಡಿಯುತ್ತಿದ್ದ. ತಿಂಗಳೊಳಗೆ ತೂಕ ಎಂಟರ ಮೇಲೆ ಕಾಲು ಹತ್ತಿತು. ಪಟ್ಟಿಯ ಗೆರೆ ಹಸಿರಿನ ಕಡೆಗೆ ಒಂದು ನೂಲು ಸರಿಯಿತು.

"ಏನೋ ಮಲ್ಲ, ಈ ವರ್ಷ ನೀನೇ ನನ್ನ ಬದಲಿಗೆ ರೈಟರ್ ಆಗ್ತೀಯ?" ಎಂದು ಒಂದು ದಿನ ಊಟದ ಡಬ್ಬಿ ಕೊಡಲು ಕುಂಟುತ್ತಾ ಬಂದಿದ್ದ ಕುಟ್ಟಪ್ಪ ಕೇಳಿದ. ಮಲ್ಲ ಅವನ ಊರುಗೋಲು ಹಿಡಿದು ಎಳೆದ. ಅವತ್ತು ಮೂವರೂ ನಕ್ಕರು.

ಫೆಬ್ರುವರಿ ಮುಗಿಯುವ ಹೊತ್ತಿಗೆ ಬಂದ ಸರಬರಾಜಿನಲ್ಲಿ ಪುಡಿಯ ಪ್ಯಾಕೆಟ್ಟು ಬೇರೆಯಾಗಿತ್ತು. ಅದೇ ಅಳತೆ, ಹೆಚ್ಚು ಕಡಿಮೆ ಅದೇ ಬಣ್ಣ, ಮೇಲೆ ಮಾತ್ರ ಕೆನೆ ತೆಗೆದ ಹಾಲಿನ ಪುಡಿ ಎಂದಿತ್ತು. ಪೊನ್ನಮ್ಮ ಎಂದಿನಂತೆ ಹಿಂದಿನ ಚೌಕ ಓದಿದಳು. ನೂರು ಗ್ರಾಂ ಪುಡಿಯಲ್ಲಿ ಪ್ರೋಟೀನ್ ಮೂವತ್ತೈದು ಗ್ರಾಂ. ಹಳೆಯದರಲ್ಲಿ ಇಪ್ಪತ್ತೈದು ಇದ್ದದ್ದು ಅವಳಿಗೆ ನೆನಪಿತ್ತು.

ಅವಳ ತಲೆಯ ಮೇಲೆ ಗೋಡೆಯಲ್ಲಿ ಒಂದು ಚಿತ್ರವಿತ್ತು. ಮೊಟ್ಟೆ, ಬೇಳೆ, ಹಾಲು, ಅವುಗಳ ನಡುವೆ ತೋಳು ಮಡಚಿ ತೋರಿಸುವ ಹುಡುಗ. ಕೆಳಗೆ ಪ್ರೋಟೀನ್ ಬೆಳೆಸುತ್ತದೆ ಎಂಬ ಮಾತು. ತರಬೇತಿಗೆ ಹೋದಾಗಲೆಲ್ಲ ಅದೇ ಮಾತು. ಇಪ್ಪತ್ತು ವರ್ಷ ತಾಯಂದಿರಿಗೆ ಅವಳು ಹೇಳಿಕೊಂಡು ಬಂದದ್ದೂ ಅದನ್ನೇ. ಮೂವತ್ತೈದು ಎಂಬುದನ್ನು ಅವಳು ಎರಡು ಸಲ ಓದಿದಳು. ಇನ್ನೇನು ಬೇಕು, ಹುಡುಗ ಬೇಗ ಹಸಿರಿಗೆ ಬರುತ್ತಾನೆ ಎಂದುಕೊಂಡಳು. ಅದರ ಕೆಳಗಿನ ಸಾಲಿನಲ್ಲಿ ಕೊಬ್ಬು ಎಂದು ಬರೆದು ಪಕ್ಕದಲ್ಲಿ ಒಂದು ಎಂದಿತ್ತು. ಅದನ್ನೂ ಓದಿರಬೇಕು. ಆದರೆ ಆ ಒಂದು ಅವಳ ಮನಸ್ಸಿನಲ್ಲಿ ನಿಲ್ಲಲಿಲ್ಲ. ಕೊಬ್ಬು ಕಡಿಮೆ ಎಂದರೆ ಒಳ್ಳೆಯದೇ ಎಂದು ಕುಟ್ಟಪ್ಪನಿಗೆ ಡಾಕ್ಟರು ಹೇಳಿದ್ದು ಅವಳ ಕಿವಿಯಲ್ಲಿತ್ತು.

ಹೊಸ ಪುಡಿಯಲ್ಲಿ ಒಂದು ತೊಂದರೆ ಕಂಡಿತು. ಎಣ್ಣೆ ಕಲೆಯುತ್ತಿರಲಿಲ್ಲ. ಹಳೆಯ ಪುಡಿಯಲ್ಲಿ ಚಮಚ ನಾಲ್ಕು ಸುತ್ತು ತಿರುಗಿಸಿದರೆ ಎಣ್ಣೆ ಹಾಲಿನೊಳಗೆ ಮಾಯವಾಗುತ್ತಿತ್ತು. ಇದರಲ್ಲಿ ಎಷ್ಟು ತಿರುಗಿಸಿದರೂ ಮೇಲೆ ಹಳದಿ ಕಣ್ಣುಗಳ ಹಾಗೆ ತೇಲಿ ಬರುತ್ತಿತ್ತು. ಮಲ್ಲ ತುಟಿ ಹಚ್ಚಿ, ಮುಖ ಹಿಂಡಿ, ಲೋಟ ದೂಡಿದ. ಮರುದಿನವೂ ಹಾಗೇ.

"ನಾನು ಹೇಳ್ಲಿಲ್ವಾ ಟೀಚರಮ್ಮ," ಎಂದಳು ಚೋಮಿ. "ಮನೇಲಿ ರಾತ್ರಿ ಕುಡಿಸಿದ್ರೆ ನನ್ನ ಮೈಮೇಲೆ ಉಗಿದ. ಎಣ್ಣೆ ಕಡಿಮೆ ಮಾಡಿ. ಪುಡಿ ಬೇಕಾದ್ರೆ ಇನ್ನೊಂದು ಹಾಕಿ."

ಪೊನ್ನಮ್ಮನಿಗೂ ಅದು ಸರಿ ಎನ್ನಿಸಿತು. ಹುಡುಗ ಕುಡಿಯದೆ ಇರುವುದಕ್ಕಿಂತ ಕುಡಿಯುವುದು ಮುಖ್ಯ. ಪುಡಿ ಎರಡು ಚಮಚವೇ ಇಟ್ಟು ಎಣ್ಣೆಯನ್ನು ಅರ್ಧ ಚಮಚಕ್ಕೆ ಇಳಿಸಿದಳು. ಕಣ್ಣುಗಳು ಕಡಿಮೆಯಾದವು, ಮಲ್ಲ ಕುಡಿದ. ಲೋಟ ಖಾಲಿಯಾದದ್ದನ್ನು ನೋಡಿ ಅವಳು ನೆಮ್ಮದಿಯ ಉಸಿರು ಬಿಟ್ಟಳು. ಸೂಪರ್‌ವೈಸರ್ ಮೋನಿಷಾ ಬಂದಾಗಲೂ ಹೆಮ್ಮೆಯಿಂದಲೇ ಹೇಳಿದಳು, "ಮೇಡಂ, ಈ ಪುಡಿಯಲ್ಲಿ ಪ್ರೋಟೀನ್ ಜಾಸ್ತಿ ಉಂಟು." ಮೋನಿಷಾ ತಲೆಯಾಡಿಸಿ, "ಹೌದಾ ಪೊನ್ನಮ್ಮಕ್ಕ, ಒಳ್ಳೇದಾಯ್ತು," ಎಂದು ಮುಂದಿನ ಕೇಂದ್ರಕ್ಕೆ ಸ್ಕೂಟರು ಹತ್ತಿದಳು.

ಮಾರ್ಚಿನಲ್ಲಿ ಕಾಫಿ ಹೂವು ಬಿಟ್ಟಿತು. ತೋಟವೆಲ್ಲ ಬಿಳಿಯಾಗಿ, ಅಂಗನವಾಡಿಯೊಳಗೆಲ್ಲ ಅದರ ಘಮ. ಮಲ್ಲನನ್ನು ತೂಗುವಾಗ ಮುಳ್ಳು ಎಂಟರ ಮೇಲಕ್ಕೆ ಹೋಗಲಿಲ್ಲ. ಕೆಮ್ಮು ಇತ್ತು, ಅದಕ್ಕೇ ಇರಬಹುದು ಎಂದುಕೊಂಡಳು. ಮುಂದಿನ ಸಲ ಎಂಟಕ್ಕೂ ಕೆಳಗೆ. ತಕ್ಕಡಿ ಸರಿಯಿಲ್ಲವೇನೋ ಎಂದು ಬೇರೆ ಮಕ್ಕಳನ್ನು ತೂಗಿ ನೋಡಿದಳು. ಅವರೆಲ್ಲ ಸರಿಯಿದ್ದರು. ಪಟ್ಟಿ ಸುತ್ತಿದಳು. ಗೆರೆ ಹಳದಿಯಲ್ಲೇ ಇತ್ತು, ಆದರೆ ಕೆಂಪಿಗೆ ತಾಗಿಕೊಂಡು.

"ಚೋಮಿ, ಮನೇಲಿ ಲೋಟ ಸರಿಯಾಗಿ ಕೊಡ್ತಿದ್ದೀಯಾ?"

"ನಿಮ್ಮಾಣೆ ಕೊಡ್ತಿದ್ದೇನೆ."

"ದೊಡ್ಡವರು ನೀವೇ ಕುಡೀತಿಲ್ಲ ತಾನೇ?"

ಕೇಳಿದ ಮೇಲೆ ಪೊನ್ನಮ್ಮನಿಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಚೋಮಿ ಸೆರಗಿನ ಗಂಟು ಬಿಚ್ಚಿ, ಅಳೆದು ಕೊಟ್ಟ ಪುಡಿಯ ಪೊಟ್ಟಣವನ್ನು ಹಾಗೇ ತೆಗೆದು ಮೇಜಿನ ಮೇಲಿಟ್ಟು, ಮಗನನ್ನು ಎತ್ತಿಕೊಂಡು ಹೊರಟಳು. ಪೊನ್ನಮ್ಮ ಹಿಂದೆ ಓಡಿಹೋಗಿ ಅದನ್ನು ಅವಳ ಕೈಗೆ ತುರುಕಿ ಬರಬೇಕಾಯಿತು.

ಆ ಸಂಜೆ ಅವಳು ಅಶ್ವಿತಾಳಿಗೆ ಫೋನು ಮಾಡಿದಳು. ಲೈನಿನ ಕಡೆ ಸಿಗ್ನಲ್ ಇಲ್ಲ. ಗೇಟಿನ ಹೊರಗೆ ಬಸ್ಸು ನಿಲ್ಲುವ ಕಲ್ಲುಕಟ್ಟೆಯ ಮೇಲೆ ನಿಂತರೆ ಮಾತ್ರ ಸಿಗುತ್ತದೆ. ಅಲ್ಲಿ ನಿಂತು, ಒಂದು ಕಿವಿ ಮುಚ್ಚಿಕೊಂಡು ಎಲ್ಲ ಹೇಳಿದಳು. ಕೊನೆಗೆ, "ಪುಡಿಯೂ ಈಗ ಮೊದಲಿಗಿಂತ ಒಳ್ಳೇದು ಬರ್ತಿದೆ ಮೇಡಂ, ಪ್ರೋಟೀನ್ ಮೂವತ್ತೈದು," ಎಂದಳು.

ಅಶ್ವಿತಾ ಅವಳನ್ನು ಅಲ್ಲಿಗೇ ತಡೆದಳು.

"ಟೀಚರ್, ಅದು ಕೆನೆ ತೆಗೆದದ್ದಾ? ಹಳೇ ಪ್ಯಾಕೆಟ್ಟು ಇದೆಯಾ ನಿಮ್ಮ ಹತ್ರ?"

ಇತ್ತು. ಪೊನ್ನಮ್ಮ ಖಾಲಿ ಪ್ಯಾಕೆಟ್ಟು ಬಿಸಾಡುವವಳಲ್ಲ. ಒಳ್ಳೆಮೆಣಸಿನ ಬಳ್ಳಿಯ ತುಂಡುಗಳನ್ನು ನರ್ಸರಿ ಚೀಲದಲ್ಲಿ ನೆಡುವ ಹಾಗೆ, ಅದರ ತಳಕ್ಕೆ ತೂತು ಮಾಡಿ, ಮಣ್ಣು ತುಂಬಿ, ಆಂಥೂರಿಯಂ ಗಿಡ ನೆಟ್ಟು ಅಂಗನವಾಡಿಯ ಮೆಟ್ಟಿಲ ಪಕ್ಕ ಸಾಲಾಗಿ ಇಟ್ಟಿದ್ದಳು. ಹೋಗಿ ಒಂದು ಗಿಡವನ್ನು ಚೀಲ ಸಮೇತ ಎತ್ತಿಕೊಂಡು, ಹೊಸ ಪ್ಯಾಕೆಟ್ಟೊಂದನ್ನು ಇನ್ನೊಂದು ಕೈಯಲ್ಲಿ ಹಿಡಿದು, ಮತ್ತೆ ಕಲ್ಲುಕಟ್ಟೆ ಹತ್ತಿದಳು. ಮಣ್ಣು ಒರೆಸಿ ಓದಿದಳು.

"ಹಳೇದು, ಪ್ರೋಟೀನ್ ಇಪ್ಪತ್ತೈದು, ಕೊಬ್ಬು ಇಪ್ಪತ್ತಾರು. ಹೊಸದು, ಪ್ರೋಟೀನ್ ಮೂವತ್ತೈದು, ಕೊಬ್ಬು..." ಆ ಸಾಲನ್ನು ಇನ್ನೊಮ್ಮೆ ಓದಿದಳು. "ಕೊಬ್ಬು ಒಂದು."

"ಈಗ ಚಮಚಕ್ಕೆ ತರೋಣ ಟೀಚರ್," ಎಂದಳು ಅಶ್ವಿತಾ. ಅವಳ ದನಿಯಲ್ಲಿ ಬೈಗುಳ ಇರಲಿಲ್ಲ, ಅದೇ ಕಷ್ಟವಾಯಿತು. "ಹಳೇ ಪುಡಿ ಮಟ್ಟ ಚಮಚಕ್ಕೆ ಎಂಟು ಗ್ರಾಂ. ಎರಡು ಚಮಚ ಹದಿನಾರು. ಅದರಲ್ಲಿ ಪ್ರೋಟೀನ್ ನಾಲ್ಕು ಗ್ರಾಂ, ಕೊಬ್ಬೂ ನಾಲ್ಕು ಗ್ರಾಂ. ಒಂದು ಸಣ್ಣ ಚಮಚ ಎಣ್ಣೆ ನಾಲ್ಕೂವರೆ ಗ್ರಾಂ. ಒಟ್ಟು ಲೋಟಕ್ಕೆ ಜಿಡ್ಡು ಎಂಟೂವರೆ ಗ್ರಾಂ ಮೇಲೆ ಇತ್ತು. ಹೊಸ ಪುಡಿ ಚಮಚಕ್ಕೆ ಏಳೂವರೆ ಗ್ರಾಂ ಬರ್ತದೆ. ಎರಡು ಚಮಚಕ್ಕೆ ಹದಿನೈದು. ಪ್ರೋಟೀನ್ ಐದರ ಮೇಲೆ, ಸರಿ, ಜಾಸ್ತಿಯೇ. ಕೊಬ್ಬು ಕಾಲು ಗ್ರಾಮೂ ಇಲ್ಲ. ನೀವು ಎಣ್ಣೆ ಎಷ್ಟು ಹಾಕ್ತಿದ್ದೀರಿ?"

"ಅರ್ಧ ಚಮಚ," ಎಂದಳು ಪೊನ್ನಮ್ಮ.  

"ಹಾಗಾದ್ರೆ ಲೋಟಕ್ಕೆ ಜಿಡ್ಡು ಎರಡೂವರೆ ಗ್ರಾಮೂ ಇಲ್ಲ ಟೀಚರ್. ಎಂಟೂವರೆ ಇದ್ದ ಕಡೆ."

"ಪ್ರೋಟೀನ್ ಜಾಸ್ತಿ ಇದೆಯಲ್ಲ ಮೇಡಂ."

"ಇದೆ. ಆದರೆ ಉರಿಯೋಕೆ ಬೇರೇನೂ ಇಲ್ಲದಿದ್ರೆ ಮೈ ಅದನ್ನೇ ಉರಿಸ್ತದೆ. ಸೌದೆ ಇಲ್ಲ ಅಂತ ಮನೆಯ ಸೂರಿನ ಪಕಾಸಿ ಕಿತ್ತು ಒಲೆಗೆ ಇಟ್ಟ ಹಾಗೆ. ಮೊದಲು ಒಂದು ಲೋಟದಲ್ಲಿ ನೂರೈವತ್ತು ಕ್ಯಾಲೊರಿ ಸಿಗ್ತಿತ್ತು. ಈಗ ನೂರು ಚಿಲ್ಲರೆ. ನಾಲ್ಕು ಲೋಟದ ಕಡೆ ಮೂರು ಲೋಟವೂ ಕೊಟ್ಟ ಹಾಗಾಗ್ಲಿಲ್ಲ."

ಬಸ್ಸೊಂದು ಬಂದು ನಿಂತಿತು. ಹತ್ತುವವಳು ಎಂದುಕೊಂಡು ಕಂಡಕ್ಟರು ಬಾಗಿಲು ತೆರೆದು ನೋಡಿದ. ಕೈಯಲ್ಲಿ ಹೂವಿನ ಗಿಡ ಹಿಡಿದು ಕಲ್ಲಿನ ಮೇಲೆ ನಿಂತಿದ್ದ ಅವಳು ಬೇಡವೆಂದು ತಲೆಯಾಡಿಸಿದಳು.

ಹೊಸ ಅಳತೆ ಸಿಕ್ಕಿತು. ಕೆನೆ ತೆಗೆದ ಪುಡಿಯಾದರೆ ಪುಡಿ ಒಂದೂವರೆ ಚಮಚ ಸಾಕು, ಸಕ್ಕರೆ ಅಷ್ಟೇ, ಎಣ್ಣೆ ಎರಡು ಚಮಚ. ಆಗ ಪ್ರೋಟೀನ್ ನಾಲ್ಕರ ಹತ್ತಿರ, ಜಿಡ್ಡು ಒಂಬತ್ತರ ಹತ್ತಿರ, ಹಳೆಯ ಲೋಟವೇ. ತೇಲದ ಹಾಗೆ ಜೋರಾಗಿ ಕಡೆಯಬೇಕು, ಕಡೆದ ಕೂಡಲೇ ಕುಡಿಸಬೇಕು.

ಮನೆಗೆ ಬಂದವಳು ಅನ್ನ ಬಡಿಸಿಕೊಳ್ಳಲಿಲ್ಲ. ಕುಟ್ಟಪ್ಪ ಎರಡು ಸಲ ಕೇಳಿದ ಮೇಲೆ ಹೇಳಿದಳು.

"ನೀನೇನು ಕದ್ದೆಯಾ? ಪುಡಿ ಬದಲಾಯಿಸಿದ್ದು ನೀನಾ?" ಎಂದ ಅವನು.

"ಓದಿದ್ದೆ. ಒಂದು ಸಾಲು ಓದಿ ಖುಷಿಪಟ್ಟೆ. ಅವನ ಕೊಬ್ಬು ಪುಡಿಯಲ್ಲಿ ಹೋಯ್ತು, ಉಳಿದದ್ದನ್ನು ನಾನು ಚಮಚದಲ್ಲಿ ತೆಗೆದೆ. ಮೇಲಿಂದ ಆ ಹೆಂಗಸಿಗೆ ಕಳ್ಳತನ ಹೊರಿಸಿದೆ."

ಕುಟ್ಟಪ್ಪನಿಗೆ ತಮಾಷೆ ಹೊಳೆಯಲಿಲ್ಲ. ಎದ್ದು, ಗೋಡೆ ಹಿಡಿದು, ಅಡುಗೆ ಮನೆಯ ಮೂಲೆಯಿಂದ ಅವನ ಅಮ್ಮ ಮಜ್ಜಿಗೆ ಕಡೆಯುತ್ತಿದ್ದ ಸಣ್ಣ ಕಡೆಗೋಲನ್ನು ತಂದು, ಹೊಗೆ ಮಸಿ ತೊಳೆದು, ಅವಳ ಚೀಲದ ಪಕ್ಕ ಇಟ್ಟ.

ಮರುದಿನ ಅಂಗನವಾಡಿಯಲ್ಲಿ ಚೋಮಿಗೆ ಎಲ್ಲವನ್ನೂ ಹೇಳಿದಳು. ತಪ್ಪು ತನ್ನದು ಎಂದೂ ಹೇಳಿದಳು. ಚೋಮಿ ಕಡೆಗೋಲನ್ನೇ ನೋಡುತ್ತಿದ್ದಳು.

"ಎಣ್ಣೆ ಕಡಿಮೆ ಮಾಡಿ ಅಂದದ್ದು ನಾನಲ್ವಾ ಟೀಚರಮ್ಮ," ಎಂದಳು. ಅಷ್ಟೇ. ಆಮೇಲೆ ಕಡೆಗೋಲು ತಾನೇ ತೆಗೆದುಕೊಂಡು ಎರಡು ಅಂಗೈಯ ನಡುವೆ ತಿರುಗಿಸತೊಡಗಿದಳು. ಪಿಕಿಂಗ್ ಮಾಡಿ ಗಟ್ಟಿಯಾದ ಕೈ, ಸರಸರ ಓಡಿತು. ನೊರೆ ಎದ್ದಿತು. ಎರಡು ಚಮಚ ಎಣ್ಣೆ ಒಂದು ಕಣ್ಣೂ ಬಿಡದೆ ಒಳಗೆ ಹೋಯಿತು. ಮಲ್ಲ ನೊರೆ ಮೂಗಿಗೆ ಹತ್ತಿಸಿಕೊಂಡು ಕುಡಿದ.

ಹತ್ತು ದಿನ ಕಳೆಯುವಷ್ಟರಲ್ಲಿ ಅವನು ಮತ್ತೆ ಎಂಟು ಕಿಲೋ ಮುಟ್ಟಿದ. ಪೊನ್ನಮ್ಮ ಯಾರಿಗೂ ಹೇಳದೆ ಹರಕೆ ಹೊತ್ತುಕೊಂಡಳು. ಇನ್ನೊಂದು ಎರಡು ತಿಂಗಳು ಇದೇ ಲೋಟ ಸಿಕ್ಕಿದರೆ ಮಳೆಗಾಲಕ್ಕೆ ಮುಂಚೆ ಹಸಿರು.

ಆದರೆ ಕೈಯಲ್ಲಿದ್ದ ದಿನಗಳು ಹೋದ ಮಾರ್ಚಿನೊಳಗೆ ಕಳೆದುಹೋಗಿದ್ದವು. ಏಪ್ರಿಲಿನಲ್ಲಿ ಒಳ್ಳೆಮೆಣಸಿನ ಕೊಯ್ಲೂ ಮುಗಿದು ತೋಟದಲ್ಲಿ ಕೆಲಸ ನಿಂತಿತು. ಶುಂಠಿ ನೆಡುವುದಕ್ಕೆ ಹೆಗ್ಗಡದೇವನಕೋಟೆ ಕಡೆಗೆ ಆಳು ಬೇಕೆಂದು ಮೇಸ್ತ್ರಿ ಪಿಕಪ್ ತಂದು ಲೈನಿನ ಮುಂದೆ ನಿಲ್ಲಿಸಿದ. ಚೋಮಿಯ ಗಂಡ ಒಪ್ಪಿಕೊಂಡಾಗಿತ್ತು.

"ಮಲ್ಲನನ್ನು ಇಲ್ಲೇ ಬಿಡು, ನಾನು ನೋಡ್ಕೊಳ್ತೇನೆ," ಎಂದಳು ಪೊನ್ನಮ್ಮ.

"ರಾತ್ರಿ?"

"ನನ್ನ ಮನೇಲಿ."

ಚೋಮಿ ಅವಳ ಮುಖ ನೋಡಿದಳು. "ನನ್ನ ಬಿಟ್ಟು ಮಲಗೋದಿಲ್ಲ ಅವನು. ನಾನೂ ಅಷ್ಟೇ."

"ಹಾಗಾದ್ರೆ ನೀನೂ ಉಳಿ."

"ಲೈನ್ ಮನೆ ಕೆಲಸ ಇದ್ರೆ ಮಾತ್ರ ಅಲ್ವಾ ಟೀಚರಮ್ಮ. ಉಳಿದ್ರೆ ಎಲ್ಲಿ ಉಳೀಲಿ?"

ಪೊನ್ನಮ್ಮ ಕಲ್ಲುಕಟ್ಟೆಗೆ ಹೋಗಿ ಮೋನಿಷಾಳನ್ನು ಕೇಳಿದರೆ, ಹೋದ ಊರಿನ ಅಂಗನವಾಡಿಯಲ್ಲಿ ಹೆಸರು ಬರೆಸಲಿ, ಅಲ್ಲಿ ಕೊಡುತ್ತಾರೆ ಎಂದಳು. ಶುಂಠಿ ಹೊಲದ ನಡುವೆ ಟಾರ್ಪಾಲಿನ ಗುಡಿಸಲಿಗೆ ಯಾವ ಅಂಗನವಾಡಿ ಹತ್ತಿರ ಎಂದು ಅವಳಿಗೂ ಗೊತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ಪೊನ್ನಮ್ಮನಿಗೆ ಹೊಸ ಹೆದರಿಕೆ ಹತ್ತಿತು. ಚೋಮಿಗೆ ಓದಲು ಬರುವುದಿಲ್ಲ. ಎರಡು ಚಮಚ ಎಣ್ಣೆ ಎಂದು ಈಗ ಕೈಗೆ ಅಭ್ಯಾಸವಾಗಿದೆ. ಅಲ್ಲಿ ಎಲ್ಲಾದರೂ ಕೆನೆಭರಿತ ಪುಡಿ ಸಿಕ್ಕಿ, ಅದಕ್ಕೂ ಎರಡು ಚಮಚ ಹಾಕಿದರೆ ಹುಡುಗನಿಗೆ ಭೇದಿ ಹಿಡಿಯುತ್ತದೆ. ಹಳೆಯ ಪುಡಿ ಡಬ್ಬಿಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಎರಡನ್ನೂ ಎರಡು ತಟ್ಟೆಯಲ್ಲಿ ಹಾಕಿ ಚೋಮಿಯನ್ನು ಕೂರಿಸಿದಳು.

"ಕಣ್ಣು ಮುಚ್ಚು. ಬೆರಳಲ್ಲಿ ತಿಕ್ಕು."

"ಇದೇನು ಶಾಸ್ತ್ರ ಟೀಚರಮ್ಮ?"

"ತಿಕ್ಕು ನೀನು."

ಚೋಮಿ ತಿಕ್ಕಿದಳು. "ಇದು ಅಂಟ್ತದೆ. ಬೆರಳು ಜಾರ್ತದೆ."

"ಅದರಲ್ಲೇ ಜಿಡ್ಡು ಉಂಟು. ಅದಕ್ಕೆ ಪುಡಿ ಎರಡು, ಎಣ್ಣೆ ಒಂದೇ. ಇನ್ನೊಂದು?"

"ಇದು ಒಣಕಲು. ಬೆರಳಲ್ಲಿ ಕಿಚಕಿಚ ಅಂತದೆ."

"ಅದರ ಜಿಡ್ಡು ತೆಗೆದಿದ್ದಾರೆ. ಅದಕ್ಕೆ ಪುಡಿ ಒಂದೂವರೆ, ಎಣ್ಣೆ ಎರಡು."

ಚೋಮಿ ಕಣ್ಣು ಮುಚ್ಚಿಕೊಂಡೇ ನಕ್ಕಳು. "ಹಾಗಾದ್ರೆ ನನ್ನ ಕೈ ಒಣ ಪುಡಿ ಜಾತಿ, ನಿಮ್ಮದು ಕೆನೆ ಪುಡಿ."

ಪೊನ್ನಮ್ಮ ತಟ್ಟೆಗಳನ್ನು ಅದಲು ಬದಲು ಮಾಡಿ ಮತ್ತೆ ಮತ್ತೆ ಕೇಳಿದಳು. ಚೋಮಿ ಒಂದು ಸಲವೂ ತಪ್ಪಲಿಲ್ಲ. ಕೊನೆಗೆ ಕೆನೆ ತೆಗೆದ ಪುಡಿಯ ಪ್ಯಾಕೆಟ್ಟುಗಳು, ಒಂದು ಬಾಟಲಿ ಎಣ್ಣೆ, ಚಮಚಗಳು, ಕಡೆಗೋಲು, ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿಕೊಟ್ಟಳು. ಬೆಳಿಗ್ಗೆ ಪಿಕಪ್ ಹೊರಟಾಗ ಮಲ್ಲ ಅಮ್ಮನ ಹೆಗಲ ಮೇಲಿಂದ ಕಡೆಗೋಲಿನ ತುದಿ ಹಿಡಿದುಕೊಂಡಿದ್ದ.

ಆಮೇಲೆ ಸುದ್ದಿ ಇಲ್ಲ. ಮೇಸ್ತ್ರಿಯ ಫೋನು ಒಮ್ಮೆ ಸಿಕ್ಕಿ, "ಅವರು ಬೇರೆ ಹೊಲಕ್ಕೆ ಹೋಗಿದ್ದಾರೆ ಅಕ್ಕ," ಎಂದಿತು. ಇನ್ನೊಮ್ಮೆ ಸಿಗಲಿಲ್ಲ. ಆಸ್ಪತ್ರೆಗೆ ಮಾಡಿದರೆ ಅಶ್ವಿತಾಳ ಗುತ್ತಿಗೆ ಮುಗಿದು ಅವಳು ಊರಿಗೆ ಹೋಗಿದ್ದಳು. ಆ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಪೊನ್ನಮ್ಮ ಗೋಡೆಯ ಚಿತ್ರವನ್ನು ಕಿತ್ತು ಹಾಕಲಿಲ್ಲ. ಆದರೆ ತಾಯಂದಿರ ಸಭೆಯಲ್ಲಿ ಅದರ ಮುಂದೆ ನಿಂತು ಮಾತಾಡುವಾಗ ಅವಳಿಗೆ ಮೊದಲಿನ ಹಾಗೆ ದನಿ ಏಳುತ್ತಿರಲಿಲ್ಲ.

ಜುಲೈಯಲ್ಲಿ, ತೋಟದಲ್ಲಿ ಕಳೆ ಕಡಿಯುವ ಕೆಲಸಕ್ಕೆ ಆಳುಗಳು ಮರಳಿದರು. ಜಡಿಮಳೆ. ಮಕ್ಕಳು ಯಾರೂ ಬಂದಿರಲಿಲ್ಲ. ಪೊನ್ನಮ್ಮ ಒಬ್ಬಳೇ ಸೋರುವ ಕಡೆ ಪಾತ್ರೆ ಇಡುತ್ತಿದ್ದಾಗ ಬಾಗಿಲಲ್ಲಿ ಚೋಮಿ ಬಂದು ನಿಂತಳು. ತಲೆಯ ಮೇಲಿಂದ ಹೊದ್ದ ಪ್ಲಾಸ್ಟಿಕ್ಕು ತೆಗೆದು, ಬೆನ್ನಿನಿಂದ ಮಲ್ಲನನ್ನು ಇಳಿಸಿದಳು. ಅವನು ನಿಲ್ಲಲಿಲ್ಲ, ಕೂತುಬಿಟ್ಟ. ಮುಟ್ಟಿದರೂ ಕಿರುಚಲಿಲ್ಲ.

ಪಟ್ಟಿ ಕೆಂಪು. ಏಳು ಕಿಲೋದ ಆಸುಪಾಸು. ಅವನು ಮೊದಲ ದಿನ ಎಲ್ಲಿದ್ದನೋ ಅಲ್ಲಿಗೇ ಬಂದಿದ್ದ.

ಪೊನ್ನಮ್ಮ ಒಲೆ ಹಚ್ಚಿ ನೀರಿಟ್ಟಳು. ಡಬ್ಬಿಯ ಮುಚ್ಚಳ ತೆಗೆದಿದ್ದೇ ತಡ, ಚೋಮಿ ಪಕ್ಕಕ್ಕೆ ಬಂದು, ಒದ್ದೆ ಕೈಯನ್ನು ಸೀರೆಗೆ ಒರೆಸಿ, ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದಳು.

"ಅಂಟ್ತದೆ," ಎಂದಳು. "ಕೆನೆ ಪುಡಿ. ಇದಕ್ಕೆ ಎಣ್ಣೆ ಒಂದು."

ಹೌದು, ಆ ತಿಂಗಳು ಕೆನೆಭರಿತ ಪುಡಿಯೇ ಮತ್ತೆ ಬಂದಿತ್ತು.

"ಮರೆತಿಲ್ಲ ನೀನು," ಎಂದಳು ಪೊನ್ನಮ್ಮ.

"ಮರೆಯೋದು ಹೇಗೆ? ದಿನಾ ಹೇಳ್ಕೊಳ್ತಿದ್ದೆ. ಒಣ ಪುಡಿಗೆ ಎರಡು, ಅಂಟು ಪುಡಿಗೆ ಒಂದು." ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ನೀವು ಕೊಟ್ಟ ಎಣ್ಣೆ ಎಲ್ಲರ ಒಗ್ಗರಣೆಗೂ ಹೋಯ್ತು. ಒಂದೇ ಒಲೆ ಅಲ್ವಾ ಅಲ್ಲಿ, ನಮ್ಮದು ನಿಮ್ಮದು ಅಂತ ಇಲ್ಲ. ಆಮೇಲೆ ಬರೀ ಪುಡಿ ಕೊಟ್ಟೆ. ಪುಡಿ ಮುಗಿದ ಮೇಲೆ ಹಾಲಿಲ್ಲದ ಕಟ್ಟಂಚಾಯ. ಸಕ್ಕರೆ ಇದ್ದ ದಿನ ಸಕ್ಕರೆ ಹಾಕಿದೆ."

"ಅಲ್ಲಿ ಅಂಗನವಾಡಿ?"

"ದೂರ ಟೀಚರಮ್ಮ. ಒಂದು ದಿನ ಹೋದೆ. ನಿಮ್ಮ ಹೆಸರು ಇಲ್ಲಿಲ್ಲ ಅಂದ್ರು. ಅರ್ಧ ದಿನ ಕೂಲಿ ಹೋಯ್ತು."

"ಆಸ್ಪತ್ರೆಗೆ ಹೋಗೋಣ. ನಾಳೆಯೇ. ನಾನು ಬರ್ತೇನೆ."

ಚೋಮಿ ಮಗನನ್ನು ಮಡಿಲಿಗೆ ಎಳೆದುಕೊಂಡಳು. "ನಿನ್ನೆ ತಾನೇ ಲೈನಿನಲ್ಲಿ ಮನೆ ಕೊಟ್ಟಿದ್ದಾರೆ, ಕೆಲಸ ಬಿಟ್ರೆ ಅದೂ ಇಲ್ಲ," ಎಂದಳು. "ಕಡೆಗೋಲು ಶುಂಠಿ ಹೊಲದಲ್ಲೇ ಹೋಯ್ತು. ಯಾರೋ ಒಲೆಗೆ ಹಾಕಿದ್ರು."

ಪೊನ್ನಮ್ಮ ಪುಡಿ ಎರಡು ಚಮಚ ಮಟ್ಟ ಮಾಡಿ ಹಾಕಿದಳು, ಸಕ್ಕರೆ ಹಾಕಿದಳು, ಎಣ್ಣೆ ಒಂದು ಚಮಚ. ಕಡೆಗೋಲು ಬೇಕಾಗಲಿಲ್ಲ. ಚಮಚ ತಿರುಗಿಸಿದರೆ ಎಣ್ಣೆ ಒಳಗೆ ಹೋಯಿತು. ಪ್ರೋಟೀನ್ ನಾಲ್ಕು, ಜಿಡ್ಡು ಎಂಟೂವರೆ. ಸರಿಯಾದ ಲೋಟ. ಮಲ್ಲನ ಬಾಯಿಗೆ ಹಿಡಿದಳು. ಅವನು ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಬಾಯಲ್ಲೇ ಇಟ್ಟುಕೊಂಡು, ಅದು ತುಟಿಯ ಕೊನೆಯಿಂದ ಇಳಿಯಲು ಬಿಟ್ಟು, ಅಮ್ಮನ ಎದೆಗೆ ಮುಖ ತಿರುಗಿಸಿದ. ಆಟಕ್ಕೆ ದೂಡಿದ ಹಾಗಲ್ಲ, ಹಠವೂ ಅಲ್ಲ. ಬೇಡ, ಅಷ್ಟೇ. ಹಸಿವೇ ಬಿಟ್ಟುಹೋದ ಮಗು ಹೇಗೆ ಮುಖ ತಿರುಗಿಸುತ್ತದೆ ಎಂಬುದನ್ನು ಅವಳು ಈ ಕೋಣೆಯಲ್ಲಿ ಮೊದಲೂ ನೋಡಿದ್ದಳು.

ಲೋಟಕ್ಕೆ ತಟ್ಟೆ ಮುಚ್ಚಿ ಕಾದರು. ಸ್ವಲ್ಪ ಹೊತ್ತಿಗೊಮ್ಮೆ ಚಮಚದಲ್ಲಿ ತುಟಿಗೆ ಹಚ್ಚಿ ನೋಡಿದರು. ಮಲ್ಲ ನಿದ್ದೆ ಹೋದ. ಚೋಮಿ ಗೋಡೆಗೆ ಒರಗಿ, ಅವನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು, ಅವಳೂ ಕಣ್ಣು ಮುಚ್ಚಿದಳು. ಎರಡು ಗಂಟೆ ದಾಟಿದಾಗ ಪೊನ್ನಮ್ಮ ಲೋಟ ತೆಗೆದುಕೊಂಡು ಮೆಟ್ಟಿಲಿಗೆ ಹೋಗಿ ಅಂಗಳಕ್ಕೆ ಚೆಲ್ಲಿದಳು. ಬಿಳಿಯನ್ನು ಮಳೆ ಆಗಲೇ ತೊಳೆದುಕೊಂಡು ಹೋಯಿತು. ಎಣ್ಣೆ ಮಾತ್ರ ಆಂಥೂರಿಯಂ ಚೀಲಗಳ ಬುಡದಲ್ಲಿ ನಿಂತ ನೀರಿನ ಮೇಲೆ ಬಣ್ಣಬಣ್ಣವಾಗಿ ತೇಲುತ್ತಿತ್ತು.

ಅವಳು ಒಳಗೆ ಬಂದು ಎರಡನೇ ಲೋಟಕ್ಕೆ ನೀರಿಟ್ಟಳು.